ಅವ್ವನ ಮಂಚದ ಪಕ್ಕದ ಆಫೀಸು

ನಯನ ಕೇಳಿದ್ದು ಹದಿನೈದು ದಿನದ ರಜ. ಮ್ಯಾನೇಜರ್ ಗಂಗಾಧರಸ್ವಾಮಿ ಕಂಪ್ಯೂಟರಿನಲ್ಲಿ ನೋಡಿ, ಉಳಿದಿರುವುದು ನಾಲ್ಕೇ ದಿನ ಎಂದರು. ನಂಜನಗೂಡಿನ ಕೈಗಾರಿಕಾ ಪ್ರದೇಶದ ಆ ಕಾರ್ಖಾನೆಯಿಂದ ಹೊರಡುವ ಪ್ರತಿ ಲಾರಿಗೂ ಸರಕು ಸಾಗಿಸಲು ಬೇಕಾದ ಇ-ವೇ ಬಿಲ್ ಮಾಡುವವಳು ಅವಳೇ. ತಿಂಗಳ ಕೊನೆಯಲ್ಲಿ ಅವಳನ್ನು ಬಿಡುವುದುಂಟೆ?

ಅತ್ತ ತಿ. ನರಸೀಪುರದಲ್ಲಿ ಅವಳ ಅವ್ವ ಪುಟ್ಟಬಸಮ್ಮನಿಗೆ ಲಕ್ವ ಹೊಡೆದು ಎಡಗೈ, ಎಡಗಾಲು ಬಿದ್ದುಹೋಗಿದ್ದವು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ ಎಂದು ಹೇಳಿ ಆಸ್ಪತ್ರೆಯವರು ಮನೆಗೆ ಕಳಿಸಿದ್ದರು. ಅಣ್ಣ ಅಮೃತೇಶನಿಗೆ ಗೊಬ್ಬರದ ಅಂಗಡಿ. ನೀನು ರಜ ಹಾಕು, ಒಂದು ವಾರ ನೀನು ಒಂದು ವಾರ ನಾನು ನೋಡಿಕೊಳ್ಳೋಣ ಎಂದು ಅವನೇ ಹೇಳಿದ್ದ. ಮಾತು ನ್ಯಾಯವಾಗಿಯೇ ಇತ್ತು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದುಕೊಂಡು ನಯನ ಇನ್ನೊಂದು ದಾರಿ ಹೇಳಿದಳು. ಬಿಲ್ ಮಾಡಲು ಬೇಕಾದದ್ದು ಇಂಟರ್‌ನೆಟ್ ಒಂದೇ. ತೂಕದ ಚೀಟಿ, ಗಾಡಿ ನಂಬರಿನ ಫೋಟೋವನ್ನು ಗೇಟಿನಲ್ಲಿರುವ ನಿಂಗರಾಜು ಕಳಿಸಿದರೆ ಊರಿನಿಂದಲೇ ಮಾಡಿಕೊಡುತ್ತೇನೆ ಎಂದಳು. ಗಂಗಾಧರಸ್ವಾಮಿ ಬಹಳ ಹೊತ್ತು ಕೊಸರಾಡಿದರು. ಕೊನೆಗೆ ಮೂರು ಷರತ್ತು ಹಾಕಿ ಒಪ್ಪಿದರು. ಒಂಬತ್ತರಿಂದ ಆರರವರೆಗೆ ಆನ್‌ಲೈನ್ ಇರಬೇಕು, ಗಾಡಿ ಬಂದ ಹತ್ತು ನಿಮಿಷಕ್ಕೆ ಬಿಲ್ ಬರಬೇಕು, ಒಂದು ಬಿಲ್ ತಪ್ಪಿದರೂ ಮರುದಿನ ಆಫೀಸಿನಲ್ಲಿರಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ, ಎಚ್‌.ಆರ್‌.ನವರೂ ಅನುಮತಿಯ ಮೇಲ್ ಕಳಿಸಿದರು. ಗೆದ್ದೆ ಎಂದುಕೊಂಡು ನಯನ ಲ್ಯಾಪ್‌ಟಾಪ್ ಹೆಗಲಿಗೇರಿಸಿ ಬಸ್ಸು ಹತ್ತಿದಳು.

ಗೆದ್ದವನು ಅಮೃತೇಶ. ರಜ ಇಲ್ಲ, ಮನೆಯಿಂದಲೇ ಕೆಲಸ ಎಂದು ಕೇಳಿದೊಡನೆ ಅವನ ಮುಖ ಅರಳಿತು. "ಎಂಗೂ ಮನೇಲೇ ಇರ್ತೀಯಲ್ಲ," ಎಂದ. ಅವನ ವಾರದ ಮಾತು ಮತ್ತೆ ಬರಲಿಲ್ಲ. ಬೆಳಿಗ್ಗೆ ಅಂಗಡಿಗೆ ಹೋದರೆ ರಾತ್ರಿ ಊಟಕ್ಕೇ ಬರುತ್ತಿದ್ದ. ಕೆಟ್ಟವನೇನಲ್ಲ, ಬರುವಾಗ ತಂಗಿಗೆಂದು ಬಾಳೆಹಣ್ಣು ತರುತ್ತಿದ್ದ.

ನಯನ ಮಂಚದ ಪಕ್ಕ ಮೇಜು ಹಾಕಿಕೊಂಡಳು. ಮಗ್ಗುಲು ಬದಲಿಸಲು ಫೋನಿನಲ್ಲಿ ಅಲಾರಾಂ, ಅದರ ಮೇಲೆ ನಿಂಗರಾಜು ಕಳಿಸುವ ಫೋಟೋಗಳು. ಒಂದು ದಿನ ಅವ್ವ, "ಒದ್ದೆ ಆಯ್ತು ಕಣವ್ವ," ಎಂದು ತೊದಲಿದಳು. ಗೇಟಿನಲ್ಲಿ ಮೂರು ಲಾರಿ ನಿಂತಿದ್ದವು. ಮೂರರ ಬಿಲ್ಲೂ ಮುಗಿಸಿಯೇ ನಯನ ಎದ್ದದ್ದು. ಬಟ್ಟೆ ಬದಲಿಸುವಾಗ ಅಳು ಬರಬೇಕಿತ್ತು, ಬರಲಿಲ್ಲ. ಮರಗಟ್ಟಿದ ಕಾಲಿನ ಮೇಲೆ ನಿಂತ ಹಾಗಿತ್ತು, ಅಷ್ಟೇ.

ಹದಿಮೂರನೆಯ ದಿನ ಅವಳು ಗಾಡಿ ನಂಬರಿನ ಒಂದು ಅಂಕಿಯನ್ನು ತಪ್ಪು ಹಾಕಿದಳು, ಕಣ್ಣು ಬಿಟ್ಟುಕೊಂಡೇ. ನಾಳೆ ಆಫೀಸಿಗೆ ಬಾ ಎನ್ನುತ್ತಾರೆ, ಅಣ್ಣ ಅಂಗಡಿ ಮುಚ್ಚಲೇಬೇಕಾಗುತ್ತದೆ ಎಂಬುದು ಅವಳ ಎಣಿಕೆ. ಐದು ನಿಮಿಷಕ್ಕೆ ನಿಂಗರಾಜು ಫೋನ್ ಮಾಡಿದ.

"ಅಕ್ಕ, ನಂಬರ್ ತಪ್ಪೋಗದೆ. ಗಾಡಿ ಇನ್ನೂ ಒಳಗೇ ಅದೆ, ತಿದ್ದಿ ಕಳ್ಸಿ. ಸಾಯೇಬ್ರಿಗೆ ಏಳಿಲ್ಲ ನಾನು. ನೀವು ಅಮ್ಮನ್ನ ನೋಡ್ಕಳಿ."

ನಯನ ತಿದ್ದಿದಳು. ಥ್ಯಾಂಕ್ಸ್ ಎಂದೂ ಹೇಳಿದಳು.

ಹದಿನೈದನೆಯ ದಿನ ಭಾನುವಾರ. ಅಮೃತೇಶನೂ ಮನೆಯಲ್ಲಿದ್ದಾಗ ಗಂಗಾಧರಸ್ವಾಮಿ ಫೋನ್ ಮಾಡಿ ಹೊಗಳಿದರು. ಒಂದು ಬಿಲ್ಲೂ ತಪ್ಪಿಲ್ಲ, ಬೇಕಾದರೆ ಇನ್ನು ಮೂರು ತಿಂಗಳು ಅಲ್ಲೇ ಇದ್ದು ಮಾಡಿ, ಎಚ್‌.ಆರ್‌. ಹತ್ತಿರ ನಾನೇ ಮಾತಾಡುತ್ತೇನೆ ಎಂದರು. ಸ್ಪೀಕರಿನಲ್ಲಿ ಕೇಳಿಸಿಕೊಂಡ ಅಮೃತೇಶ, "ಒಳ್ಳೇ ಮನ್ಸ ಕಣವ್ವ ನಿಮ್ ಸಾಯೇಬ್ರು," ಎಂದ.

ಮಂಚದ ಮೇಲಿಂದ ಅವ್ವ ಬಲಗೈ ಎತ್ತಿದಳು. "ಬ್ಯಾಡ ಅನ್ನು. ನೀನು ಇಲ್ಲೇ ಇದ್ದೂ ಇಲ್ಲ."

ನಯನಳಿಗೆ ಎದೆಯಲ್ಲಿ ಏನೋ ನೋಯಿತು. ನೋವು ಎಂದು ಗೊತ್ತಾಗಿದ್ದೇ ಈ ಹದಿನೈದು ದಿನದಲ್ಲಿ ಮೊದಲು.

"ಸರ್, ಮೂರು ತಿಂಗಳು ಬೇಡ," ಎಂದಳು ಫೋನಿಗೆ. "ಉಳಿದಿರೋ ನಾಲ್ಕು ದಿನ ರಜ ಕೊಡಿ. ರಜ ಅಂದ್ರೆ ರಜ ಸರ್, ಫೋಟೋ ಬರಬಾರದು. ಶುಕ್ರವಾರದಿಂದ ಆಫೀಸಿಗೇ ಬರ್ತೀನಿ."

ಅಷ್ಟೊಂದು ಗೋಗರೆದು ಅನುಮತಿ ತೆಗೆದುಕೊಂಡಿದ್ದಿರಲ್ಲಮ್ಮ ಎಂದು ಅವರು ಬೇಸರಪಟ್ಟರು. ಆದರೂ ಕೊಟ್ಟರು. ನಯನ ಅಣ್ಣನ ಕಡೆ ತಿರುಗಿ, ಶುಕ್ರವಾರದಿಂದ ಒಂದು ವಾರ ನಿನ್ನದು, ಆಮೇಲೆ ಅವ್ವನನ್ನು ನೋಡಿಕೊಳ್ಳಲು ಇಬ್ಬರೂ ಸೇರಿ ಒಬ್ಬ ಹೆಂಗಸನ್ನು ಹುಡುಕೋಣ ಎಂದಳು. ಅಮೃತೇಶ ಬಾಳೆಹಣ್ಣಿನ ಸಿಪ್ಪೆ ಹಿಡಿದುಕೊಂಡೇ ತಲೆಯಾಡಿಸಿದ.

ಲ್ಯಾಪ್‌ಟಾಪ್ ಮುಚ್ಚಿ, ಫೋನ್ ಆರಿಸಿ, ನಯನ ಮಂಚದ ಮೇಲೆ ಕುಳಿತು ಅವ್ವನ ಮುಖ ನೋಡಿದಳು. ಬಾಯಿ ಬಲಕ್ಕೆ ಎಳೆದುಕೊಂಡಿತ್ತು. ಇಷ್ಟು ದಿನ ಪಕ್ಕದಲ್ಲೇ ಇದ್ದರೂ, ಯಾವ ಕಡೆಗೆ ಎಂದು ಯಾರಾದರೂ ಕೇಳಿದ್ದರೆ ಎಡಕ್ಕೆ ಎಂದುಬಿಡುತ್ತಿದ್ದಳು.