ನಾನಾನ ಜೊತೆ ಒಬ್ಬರಿಗೆ

ವರ್ಧಾದ ನಿವೃತ್ತ ಮೇಷ್ಟ್ರು ದಿಗಂಬರ ದೇಶ್‌ಕರ್ ಅವರನ್ನು ಮನೆಯವರೆಲ್ಲ ನಾನಾ ಎಂದು ಕರೆಯುತ್ತಿದ್ದರು. ಯಾತ್ರೆಯಲ್ಲಿ ಅವರಿಗೆ ಬೇಕಾಗಿದ್ದದ್ದು ಒಂದೇ. ನಾಸಿಕದ ರಾಮಕುಂಡದಲ್ಲಿ ಕಾಲಿಡಬೇಕು. ಹೆಂಡತಿ ಮಾಲತಿಯ ಅಸ್ಥಿಯನ್ನು ಮಗ ಹೇಮಂತ ಅಲ್ಲಿ ಬಿಟ್ಟಾಗ ನಾನಾ ಆಸ್ಪತ್ರೆಯಲ್ಲಿ ಮಲಗಿದ್ದರು.

ಸೊಸೆ ಮೃಣಾಲ್ ಯಾತ್ರೆಯನ್ನು ಅಚ್ಚುಕಟ್ಟಾಗಿ ಹೊಂದಿಸಿದ್ದಳು. ಮುದುಕರಿಗೆ ದಿನಕ್ಕೊಂದೇ ದೇವಸ್ಥಾನ, ಮಧ್ಯಾಹ್ನ ನಿದ್ದೆ, ಸಂಜೆ ಹಗುರಾಗಿ ಒಂದು ಸುತ್ತಾಟ. ಮೊದಲು ಶಿರಡಿ. ಮರುದಿನ ನಾಸಿಕದಲ್ಲಿ ಬೆಳಗ್ಗೆ ರಾಮಕುಂಡ, ಸಂಜೆ ಸೋಮೇಶ್ವರದ ಜಲಪಾತ. ಅದನ್ನು ಕೇಳಿ ನಾನಾ, ನನ್ನ ಸೊಸೆ ರೈಲ್ವೆಯಲ್ಲಿರಬೇಕಿತ್ತು ಎಂದು ನೆರೆಯವರಿಗೆಲ್ಲ ಹೇಳಿಕೊಂಡು ಬಂದಿದ್ದರು.

ಶಿರಡಿಯಲ್ಲಿ ಅಂದು ಗುರುವಾರ. ಸಾಮಾನ್ಯ ಸಾಲು ಬೀದಿಗೆ ಬಂದಿತ್ತು, ಒಳಗೆ ತಲುಪಲು ಸಂಜೆಯಾಗುತ್ತದೆ ಎಂದರು. ಆದರೆ ಮುದುಕರಿಗೆ ಬೇರೆ ಬಾಗಿಲಿತ್ತು. ವಯಸ್ಸಿನ ಗುರುತು ತೋರಿಸಿದರೆ ಮುದುಕರ ಜೊತೆ ಒಬ್ಬರನ್ನು ಬಿಡುತ್ತಾರೆ. ಹೇಮಂತ ಅಪ್ಪನ ಕೈಹಿಡಿದು ಹೋದ. ಸಾಲು ಅಲ್ಲಿಯೂ ಇತ್ತು, ಮೆಟ್ಟಿಲೂ ಇದ್ದವು. ಆದರೂ ತಿಂಡಿಯ ಹೊತ್ತಿಗೆ ದರ್ಶನವಾಯಿತು. ನಾನಾ ಹಣೆಗೆ ಬಾಬಾನ ವಿಭೂತಿ ಹಚ್ಚಿಕೊಂಡು ಹೊರಗೆ ಬಂದು, ಇನ್ನು ಮಲಗಿಕೊಳ್ಳುತ್ತೇನೆ ಎಂದರು.

ಮೃಣಾಲ್ ಅವರ ಊರುಗೋಲನ್ನು ಕೈಗೆ ಕೊಟ್ಟಳು.

"ನಾನಾ, ನನ್ನ ಜೊತೆ ಇನ್ನೊಂದ್ಸಲ ಬರ್ತೀರಾ? ಆ ಸಾಲಲ್ಲಿ ನಿಂತ್ರೆ ಮಧ್ಯಾಹ್ನದ ನಿದ್ದೆಯೆಲ್ಲ ಹೋಗುತ್ತೆ."

ಯಾರ ನಿದ್ದೆ ಎಂದು ನಾನಾ ಕೇಳಲಿಲ್ಲ. ಪ್ಲ್ಯಾನು ಮಾಡಿದವಳಿಗೇ ದರ್ಶನ ತಪ್ಪಿಸುವುದು ಹೇಗೆ? ಹೋದರು, ಬಂದರು. ಹೊರಗೆ ಮಗಳು ಕುಂದಾ ಬೆಲ್ಲದ ಮಿಠಾಯಿ ತಿನ್ನುತ್ತ ಕಾಯುತ್ತಿದ್ದಳು. ಅಣ್ಣನಿಗೂ ಆಯಿತು, ಅತ್ತಿಗೆಗೂ ಆಯಿತು, ಹೆತ್ತ ಮಗಳು ಮಾತ್ರ ಹೊರಗಿನವಳು ಎಂದು ಅವಳು ಮುಖ ಊದಿಸಿದಳು.

ಮೂರನೆಯ ಸಲ ಕಾವಲಿನವನಿಗೆ ನಾನಾನ ಗುರುತು ಸಿಕ್ಕಿತು.

"ಏನ್ ಅಜ್ಜ, ಬಾಬಾನಿಗೆ ಹೇಳೋದು ಇನ್ನೂ ಮುಗೀಲಿಲ್ವಾ?"

"ನಂದು ಮುಗೀತಪ್ಪ," ಎಂದರು ನಾನಾ. "ಬಾಬಾನಿಗೇ ನನ್ನ ಮಕ್ಕಳನ್ನ ಒಬ್ಬೊಬ್ಬರನ್ನಾಗಿ ನೋಡೋ ಆಸೆ."

ಕಾವಲಿನವನು ನಕ್ಕು ಒಳಗೆ ಬಿಟ್ಟ. ಆದರೆ ಒಳಗೆ ಮಧ್ಯಾಹ್ನದ ಆರತಿ ಶುರುವಾಗಿ ಸಾಲು ನಿಂತುಬಿಟ್ಟಿತು. ಕೂರಲು ಜಾಗವಿರಲಿಲ್ಲ. ಕುಂದಾ ಕೈಮುಗಿದು ಆರತಿ ಹಾಡಿದಳು, ಕಣ್ಣಲ್ಲಿ ನೀರು ತಂದುಕೊಂಡಳು. ನಾನಾ ಕಬ್ಬಿಣದ ಕಂಬಿಗೆ ಜೋತುಬಿದ್ದು ರಾಮಕುಂಡದ ಮೆಟ್ಟಿಲುಗಳನ್ನು ನೆನೆದುಕೊಂಡರು.

ಮಧ್ಯಾಹ್ನ ಅವರು ಮಲಗಲಿಲ್ಲ. ಕೋಣೆ ಬಿಡುವ ಹೊತ್ತು ಮೀರಿತ್ತು. ಕಾರಿನಲ್ಲೇ ತೂಕಡಿಸುತ್ತ ನಾಸಿಕ ಸೇರಿದರು.

ಬೆಳಗ್ಗೆ ನೋಡಿದರೆ ಎರಡೂ ಪಾದ ಊದಿ ಚಪ್ಪಲಿಯೊಳಗೆ ಹಿಡಿಯುತ್ತಿರಲಿಲ್ಲ. ಗೋಡೆ ಹಿಡಿದು ಎದ್ದವರು ಮತ್ತೆ ಮಂಚದ ಮೇಲೆ ಕುಸಿದರು. ಎತ್ತಿಕೊಂಡಾದರೂ ಹೋಗು, ನೀರಿನ ಪಕ್ಕ ಕೂರಿಸಿದರೆ ಸಾಕು ಎಂದು ಮಗನಿಗೆ ಹೇಳಿದರು. ಹೇಮಂತ ಹೆಂಡತಿಯ ಮುಖ ನೋಡಿದ.

"ಅಲ್ಲಿ ಪಾಚಿ ಇದೆ ನಾನಾ, ಜಾರಿಬಿದ್ರೆ ಯಾರಿಗೆ ಕಷ್ಟ?" ಎಂದಳು ಮೃಣಾಲ್. "ನೀವು ವಿಶ್ರಾಂತಿ ತಗೊಳ್ಳಿ. ವಿಶ್ರಾಂತಿಗೆ ಅಂತಾನೇ ಅಲ್ವಾ ನಾನು ಪ್ಲ್ಯಾನ್ ಮಾಡಿದ್ದು. ಅತ್ತೆಯ ತೀರ್ಥ ನಾವೇ ತುಂಬಿಸಿಕೊಂಡು ಬರ್ತೀವಿ."

ದಿಂಬನ್ನು ಅವರ ಕಾಲಡಿಗೆ ಒತ್ತಿ, ಮೂವರೂ ಬಾಗಿಲು ಎಳೆದುಕೊಂಡು ಹೋದರು. ನಾನಾ ಇಡೀ ದಿನ ಕಿಟಕಿಯತ್ತ ಮುಖ ಮಾಡಿ ಮಲಗಿದರು. ಗೋದಾವರಿ ಆ ದಿಕ್ಕಿನಲ್ಲಿದೆ ಎಂದು ಲಾಡ್ಜಿನ ಮಾಣಿ ಹೇಳಿದ್ದ.

ಸಂಜೆ ಮೂವರೂ ನಗುತ್ತ ಬಂದರು. ದ್ರಾಕ್ಷಿ ತಂದಿದ್ದರು. ಜಲಪಾತದ ತುಂತುರಿಗೆ ಕುಂದಾಳ ಸೆರಗು ಇನ್ನೂ ಒದ್ದೆಯಾಗಿತ್ತು. ಸೋಮೇಶ್ವರದಲ್ಲಿ ಮೆಕ್ಕೆಜೋಳ ಎಷ್ಟು ಚೆನ್ನಾಗಿತ್ತು, ಕಾರು ನಿಲ್ಲಿಸಲು ಜಾಗ ಹೇಗೆ ಸುಲಭವಾಗಿ ಸಿಕ್ಕಿತು ಎಂದೆಲ್ಲ ಹೇಳಿದರು. ನಾನಾ ತೀರ್ಥಕ್ಕೆಂದು ಕೈಚಾಚಿದರು. ಹೇಮಂತ ಚೀಲ ತಡಕಾಡಿ ನೀರಿನ ಬಾಟಲಿಯೊಂದನ್ನು ಕೊಟ್ಟ. ಮೇಲಿನ ಕಾಗದ ಕಿತ್ತಿದ್ದರು. ರಾಮಕುಂಡದ್ದು ಎಂದ.

ನೀರು ಗಾಜಿನಂತೆ ತಿಳಿಯಾಗಿತ್ತು. ನಾನಾ ಅದನ್ನು ಹಣೆಗೊತ್ತಿಕೊಂಡು ಮುಚ್ಚಳ ತಿರುಗಿಸಿದರು.

ಸೀಲು ಕಟಕಟನೆ ಮುರಿಯಿತು.

ಕುಂದಾ ಸೆರಗು ಹಿಂಡತೊಡಗಿದಳು. ಅಲ್ಲಿ ತುಂಬಾ ಜನ ಇದ್ದರು, ಇಳಿಯಲಿಕ್ಕೆ ಆಗಲಿಲ್ಲ ಎಂದು ಹೇಮಂತ ಶುರುಮಾಡಿದ. ನಾನಾ ಕೈ ಎತ್ತಿ ನಿಲ್ಲಿಸಿದರು. ರಾತ್ರಿಯ ಮಾತ್ರೆಯನ್ನು ಬಾಯಿಗೆ ಹಾಕಿಕೊಂಡು ಅದೇ ನೀರನ್ನು ಕುಡಿದರು.

"ನಿಮ್ಮಮ್ಮನ ತೀರ್ಥ," ಎಂದರು. "ಬನ್ನಿ, ನೀವೂ ತಗೊಳ್ಳಿ. ನೂಕಾಡಬೇಡಿ, ನನ್ನ ಹತ್ರ ಒಬ್ಬೊಬ್ಬರೇ."

ಹೇಮಂತ ಮೊದಲು ಬಂದ. ಆಮೇಲೆ ಮೃಣಾಲ್, ಕೊನೆಗೆ ಕುಂದಾ. ಶಿರಡಿಯಲ್ಲಿ ಹೋದ ಕ್ರಮದಲ್ಲೇ. ನಾನಾ ಒಬ್ಬೊಬ್ಬರ ಅಂಗೈಗೂ ನೀರು ಹಾಕಿ, ಅವರು ನುಂಗುವವರೆಗೆ ಬಿಡದೆ ನೋಡಿದರು.