ಸೀಲಿನೊಳಗಿನ ಅಳತೆ ಚೀಟಿ

ಬೆಳಗಿನಿಂದ ಅದು ಒಂಬತ್ತನೇ ಫೋನು. ಆನ್‌ಲೈನ್ ಅಂಗಡಿಗೆ ಒಳಉಡುಪುಗಳ ವಿವರ ಬರೆಯುವುದು ಅವಳ ಕೆಲಸ. ದೂರು ಕೇಳುವ ಕರ್ಮವೂ ಅವಳದೇ. ಉತ್ತರ ಬಾಯಿಪಾಠವಾಗಿತ್ತು.

“ಸೀಲ್ ಒಡೆದ ಬ್ರಾ ವಾಪಸ್ ತಗೊಳಲ್ಲ ಮೇಡಂ. ಪುಟದಲ್ಲೇ ಬರ್ದಿದೀವಿ.”

“ಅಲ್ಲಮ್ಮಾ, ಅಳತೆ ಚೀಟಿನೇ ಸೀಲ್ ಒಳಗಿದೆ. ಒಡೀದೆ ನಾನೇನು ಕಣಿ ಕೇಳ್ಲಾ?” ಎಂದಿತು ಆ ಕಡೆಯ ಮುದಿ ದನಿ.

ಏಳಲಾರದೆ ಎದ್ದು ಅವಳು ಗೋದಾಮಿಗೆ ಹೋದಳು. ಅದೇ ಬ್ರಾದ ಇನ್ನೊಂದು ಪೊಟ್ಟಣದ ಹೊರಗೆ ಬರೀ ‘ಮೀಡಿಯಂ’ ಎಂದಿತ್ತು. ಉಗುರಿನಿಂದ ಸೀಲ್ ಕಿತ್ತಳು.

“ಅಯ್ಯೋ, ಇನ್ನು ಅದನ್ನ ಮಾರೋ ಹಾಗಿಲ್ಲ!” ಎಂದಳು ಪ್ಯಾಕಿಂಗ್ ಅಕ್ಕ.

ಇಂಚುಗಳ ಲೆಕ್ಕ ನಿಜಕ್ಕೂ ಒಳಗಿನ ಚೀಟಿಯಲ್ಲೇ ಇತ್ತು. ಅವಳ ಪುಟದಲ್ಲಿ ಅದರ ಸುಳಿವೇ ಇರಲಿಲ್ಲ.

ಮುದುಕಿಯ ದುಡ್ಡು ಹಿಂತಿರುಗಿಸಲು ಹೇಳಿ, ಅವಳು ಪುಟ ತಿದ್ದಿದಳು: ‘ಮೀಡಿಯಂ: ಎದೆಯ ಸುತ್ತಳತೆ 34ರಿಂದ 36 ಇಂಚು. ಸೀಲ್ ಒಡೆಯದಿದ್ದರೆ ಏಳು ದಿನದೊಳಗೆ ವಾಪಸ್. ಒಡೆದ ಮೇಲೆ, ಹೊಲಿಗೆ ಕೆಟ್ಟಿದ್ದರೆ ಅಥವಾ ಬೇರೆ ಸಾಮಾನು ಬಂದಿದ್ದರೆ ಮಾತ್ರ.’

“ಮೂರು ವರ್ಷದಿಂದ ಈ ಬುದ್ಧಿನ ಎಲ್ಲಿಟ್ಟಿದ್ಯೇ?” ಅಕ್ಕ ಕೇಳಿದಳು.

“ಪೊಟ್ಟಣದಲ್ಲೇ ಇತ್ತಕ್ಕಾ,” ಎಂದಳವಳು ಕಣ್ಣುಜ್ಜಿಕೊಳ್ಳುತ್ತ. “ನಾನು ಒಂದು ದಿನವೂ ಒಡೆದು ನೋಡಿರ್ಲಿಲ್ಲ.”