ಆಫ್ ಎಂದು ತೋರಿಸಿದ ಮೋಟಾರು

ಅಪ್ಪನ ಅಂಗಿಗಳಿಗೆಲ್ಲ ಎಡಜೇಬು ಎರಡು ಪದರದ್ದು. ಅಮ್ಮ ಒಳಗಿನಿಂದ ಇನ್ನೊಂದು ಬಟ್ಟೆ ಕೊಟ್ಟು ಹೊಲಿಯುತ್ತಿದ್ದಳು. ಅಪ್ಪ ಮೋಟಾರ್ ಫಿಟ್ಟರ್. ತೋಟದಲ್ಲಿ ಬೋರ್‌ವೆಲ್ ಕೆಲಸಕ್ಕೆ ಕೂರುವ ಮೊದಲು ಬೋರ್ಡಿನ ಮೂರೂ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳುವುದು ಅವನ ಪದ್ಧತಿ. ಫ್ಯೂಸ್ ತನ್ನ ಜೇಬಿನಲ್ಲಿದ್ದರೆ ಯಾವ ಪುಣ್ಯಾತ್ಮ ಬಂದರೂ ಕರೆಂಟ್ ಕೊಡಲಾರ. ಪಿಂಗಾಣಿಯ ಭಾರಕ್ಕೆ ಜೇಬು ಹರಿಯುತ್ತಿತ್ತು, ಅಮ್ಮ ಬೈಯುತ್ತಿದ್ದಳು, ಮತ್ತೆ ಹೊಲಿಯುತ್ತಿದ್ದಳು.

ಆಸ್ಪತ್ರೆಯಿಂದ ವಾಪಸ್ ಬಂದ ಅಂಗಿಯ ಆ ಜೇಬಿನಲ್ಲಿ ಫ್ಯೂಸ್ ಇರಲಿಲ್ಲ. ಫೋನಿತ್ತು. ತೆರೆದು ನೋಡಿದರೆ ನಮ್ಮ ಕಂಪನಿಯ ಆ್ಯಪ್ ಇನ್ನೂ ತೆರೆದೇ ಇತ್ತು. ಅದರಲ್ಲಿ ದಪ್ಪ ಅಕ್ಷರದಲ್ಲಿ "ಮೋಟಾರ್: ಆಫ್" ಎಂದಿತ್ತು.

ಅಪ್ಪ ತೀರಿಕೊಂಡ ಹದಿನಾಲ್ಕನೆಯ ದಿನ ನಾನು ಆಫೀಸಿಗೆ ಹೋದೆ. ತಿಪಟೂರಿನಲ್ಲಿ ಕೊಬ್ಬರಿ ಗೋದಾಮಿನ ಮೇಲಿನ ಮಹಡಿ ನಮ್ಮದು. ಮೆಟ್ಟಿಲು ಹತ್ತುವಾಗ ಕೊಬ್ಬರಿಯ ವಾಸನೆ ಮೂಗಿಗೆ ಬಡಿಯಿತು. ಬೇರೇನೂ ಆಗಲಿಲ್ಲ. ಅಳು ಬರುತ್ತದೆ ಎಂದು ಕರ್ಚೀಫು ತಂದಿದ್ದೆ, ಅದನ್ನು ಮೇಜು ಒರೆಸಲು ಬಳಸಿದೆ. ಅವತ್ತಿನಿಂದ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಹಲ್ಲು ಕೀಳಿಸಿಕೊಂಡ ಮೇಲೆ ಕೆನ್ನೆ ಇರುತ್ತದಲ್ಲ, ಮುಟ್ಟಿದರೂ ಬೇರೆಯವರದು ಎನ್ನಿಸುವ ಹಾಗೆ, ಮೈಯೆಲ್ಲ ಹಾಗಿತ್ತು.

ನಾವು ಮಾಡುವುದು ಫೋನಿನಿಂದ ಬೋರ್‌ವೆಲ್ ಮೋಟಾರ್ ನಡೆಸುವ ಡಬ್ಬಿ. ತೋಟದ ಸ್ಟಾರ್ಟರ್ ಪಕ್ಕದಲ್ಲಿ ಕೂರಿಸಿದರೆ ಮನೆಯಿಂದಲೇ ಆನ್, ಆಫ್ ಮಾಡಬಹುದು. ಅದರ ಸೆಟ್ಟಿಂಗ್ ಆಟೋದಲ್ಲಿಟ್ಟರೆ, ಕರೆಂಟ್ ಹೋಗಿ ಬಂದಾಗ ಮೊದಲು ಆನ್ ಇದ್ದ ಮೋಟಾರ್ ತಾನೇ ಮತ್ತೆ ಓಡುತ್ತದೆ. ಡಬ್ಬಿಯೊಳಗಿನ ಪ್ರೋಗ್ರಾಂ ಬರೆಯುವವನು ಮಹಾಂತೇಶ್. ಅವನು ಬರೆದದ್ದನ್ನು ಸಾಲು ಸಾಲಾಗಿ ಓದಿ "ಸರಿ ಇದೆ" ಎಂದು ಒಪ್ಪಿಗೆ ಕೊಡುವವಳು ನಾನು. ಇಬ್ಬರಿಗೂ ಮಾಲೀಕರು ಶಂಭುಲಿಂಗಯ್ಯನವರು.

ಅಪ್ಪ ನಮ್ಮ ಡಬ್ಬಿಗೆ ಊರೂರಲ್ಲಿ ಪುಕ್ಕಟೆ ಜಾಹೀರಾತು. "ನನ್ ಮಗಳು ಮಾಡಿರೋದು ಕಣ್ರೀ" ಎಂದು ಶೆಟ್ಟಿಕೆರೆಯಿಂದ ಕಿಬ್ಬನಹಳ್ಳಿವರೆಗೆ ಸಾರಿದ್ದ. ದೀಪಾವಳಿಯಲ್ಲಿ ಜೇಬು ಹೊಲಿಯುತ್ತಿದ್ದ ಅಮ್ಮನನ್ನು ನೋಡಿ ನಾನೇ ನಕ್ಕು ಹೇಳಿದ್ದೆ, "ಅಪ್ಪ, ಇನ್ಮೇಲೆ ಆ ಫ್ಯೂಸ್ ಹೊರೋ ಕೆಲಸ ಬುಡು. ಫೋನಲ್ಲಿ ಆಫ್ ಅಂದ್ರೆ ಆಫು." ಅವನು ನಂಬಿದ. ಮಗಳ ಮಾತನ್ನು ಪರೀಕ್ಷೆ ಮಾಡಿ ನೋಡುವ ಜಾತಿಯ ಅಪ್ಪ ಅಲ್ಲ ಅವನು.

ಕಿಬ್ಬನಹಳ್ಳಿ ಹತ್ತಿರದ ಒಂದು ತೋಟದಲ್ಲಿ ಅಪ್ಪ ಕೇಬಲ್ ಜಾಯಿಂಟ್ ಹಾಕುತ್ತಿದ್ದಾಗ ಮೋಟಾರಿಗೆ ಕರೆಂಟ್ ಬಂತು. ತಪಾಸಣೆಗೆ ಬಂದ ಕರೆಂಟ್ ಇಲಾಖೆಯವರು ಫ್ಯೂಸ್ ಕಿತ್ತಿರಲಿಲ್ಲ ಎಂದು ಬರೆದುಕೊಂಡು ಹೋದರು. ಊರಿನವರು "ರೇವಣಸಿದ್ದಯ್ಯ ಅಷ್ಟು ಹುಷಾರಿನ ಮನುಷ್ಯ, ಅವತ್ತೇನು ಮಂಕು ಕವಿದಿತ್ತೋ" ಎಂದರು. ಅಮ್ಮ ಅದನ್ನು ಕೇಳಿಸಿಕೊಂಡೇ, ಬಂದವರಿಗೆಲ್ಲ ಕಾಫಿ ಕೊಟ್ಟಳು. ರಾತ್ರಿ ನನ್ನನ್ನು ಒಂದೇ ಒಂದು ಕೇಳಿದಳು, "ನಿಮ್ಮಪ್ಪನ ಕೈತಪ್ಪೇನೆ?"

ಅದಕ್ಕೆ ಉತ್ತರ ಹುಡುಕಲು ನಾನು ಆಫೀಸಿಗೆ ಬಂದಿದ್ದೆ.

ಸರ್ವರ್‌ನಲ್ಲಿ ಆ ದಿನದ ದಾಖಲೆ ತೆಗೆದೆ. ೧೧:೧೦ಕ್ಕೆ ಕರೆಂಟ್ ಹೋಗಿದೆ. ೧೧:೧೪ಕ್ಕೆ ಅಪ್ಪನ ಫೋನಿನಿಂದ ಆಫ್ ಆದೇಶ, ಡಬ್ಬಿಯಿಂದ "ಆಯಿತು" ಎಂಬ ಮರುತ್ತರ. ೧೨:೦೨ಕ್ಕೆ ಕರೆಂಟ್ ಬಂದಿದೆ. ೧೨:೦೪ಕ್ಕೆ ಮೋಟಾರ್ ಆನ್. ಯಾರೂ ಆನ್ ಒತ್ತಿಲ್ಲ.

ಆಮೇಲೆ ಹಳೆಯ ಪರಿಶೀಲನೆಯ ಪುಟ ತೆರೆದೆ. ಅಪಘಾತಕ್ಕೆ ಮೂರು ವಾರ ಮೊದಲು ಎಲ್ಲ ಡಬ್ಬಿಗಳಿಗೂ ಹೋದ ಬದಲಾವಣೆ ಅದು. ಕರೆಂಟ್ ಹೋದ ಮೇಲೆ ಡಬ್ಬಿ ತನ್ನ ಪುಟ್ಟ ಬ್ಯಾಟರಿಯಲ್ಲಿ ಹತ್ತು ನಿಮಿಷ ಬದುಕಿರುತ್ತದೆ. ಬ್ಯಾಟರಿ ಸಾಯುವ ಗಳಿಗೆಯಲ್ಲಿ ಮೆಮೊರಿಗೆ ಬರೆದು, ಅರ್ಧಂಬರ್ಧವಾಗಿ, ಸೆಟ್ಟಿಂಗ್ ಕೆಟ್ಟ ದೂರುಗಳು ಬಂದಿದ್ದವು. ಅದಕ್ಕೆ ಮಹಾಂತೇಶ್ ಒಂದು ಸಾಲು ಸೇರಿಸಿದ್ದ: ಕರೆಂಟ್ ಇಲ್ಲದಾಗ ಮೆಮೊರಿಗೆ ಏನನ್ನೂ ಬರೆಯಬೇಡ. ಅದರ ಕೆಳಗೆ ನನ್ನ ಪ್ರಶ್ನೆ ಇತ್ತು: "ಆಫ್ ಆದೇಶಕ್ಕೂ ಇದೇನಾ? ಸ್ವಲ್ಪ ನೋಡು." ಅವನ ಉತ್ತರವೂ ಇತ್ತು: "ಕರೆಂಟೇ ಇಲ್ದಾಗ ಯಾರ್ ಆಫ್ ಮಾಡ್ತಾರೆ?" ಅದರ ಕೆಳಗೆ ಹಸಿರು ಗುರುತು, ಒಪ್ಪಿಗೆ, ನನ್ನ ಹೆಸರು.

ಯಾರು ಮಾಡುತ್ತಾರೆ? ಫಿಟ್ಟರ್‌ಗಳು ಮಾಡುತ್ತಾರೆ. ನೀರು ಬಿಡುವ ಹೊತ್ತಿನಲ್ಲಿ ಯಾವ ರೈತನೂ ಮೋಟಾರ್ ಮುಟ್ಟಲು ಬಿಡುವುದಿಲ್ಲ. ಕರೆಂಟ್ ಹೋದೊಡನೆ "ಈಗ ಬನ್ನಿ, ಕೆಲ್ಸ ಮುಗಿಸ್ಬುಡಿ" ಎಂದು ಫೋನ್ ಮಾಡುತ್ತಾನೆ. ಇಪ್ಪತ್ತಾರು ವರ್ಷ ಆ ಫೋನುಗಳು ಬಂದ ಮನೆಯಲ್ಲಿ ಉಂಡವಳು ನಾನು. ಮಹಾಂತೇಶನಿಗೆ ಗೊತ್ತಿಲ್ಲದಿದ್ದರೆ ಸರಿ, ಅವನಪ್ಪ ಮೇಷ್ಟ್ರು. ನನಗೆ ಗೊತ್ತಿತ್ತು, ಆದರೂ ಊಟದ ಹೊತ್ತಾಯಿತೆಂದು ಒತ್ತಿ ಎದ್ದಿದ್ದೆ. ನನ್ನ ಮೇಲೆ ನನಗೆ ಬಂದ ಸಿಟ್ಟು ಕೂಡ ಎಲ್ಲೋ ದೂರದಲ್ಲಿತ್ತು, ಪಕ್ಕದ ಮನೆಯ ಜಗಳ ಕೇಳಿಸಿದ ಹಾಗೆ.

ಮೇಜಿನ ಮೇಲೆ ಒಂದು ಡಬ್ಬಿ, ಮೋಟಾರಿನ ಬದಲು ಒಂದು ಬಲ್ಬು ಜೋಡಿಸಿದೆ. ಮೂರು ಸಲ ಮಾಡಿ ನೋಡಿದೆ. ಮೂರು ಸಲವೂ ಬಲ್ಬು ಹತ್ತಿತು. ಆಮೇಲೆ ವರದಿ ಬರೆಯಲು ಕೂತೆ. ನಮ್ಮಲ್ಲಿ ಇಂಗ್ಲಿಷಿನಲ್ಲೇ ಬರೆಯುವುದು. ಇದನ್ನು ಕನ್ನಡದಲ್ಲಿ ಬರೆದೆ, ಮನೆಯಲ್ಲಿ ಓದಿ ಹೇಳಬೇಕಿತ್ತು.

ದೋಷ: ಕರೆಂಟ್ ಇಲ್ಲದಾಗ ಆಫ್ ಮಾಡಿದ ಮೋಟಾರ್, ಕರೆಂಟ್ ಬಂದಾಗ ತಾನಾಗಿ ಆನ್ ಆಗುತ್ತದೆ.
ಹಂತ ೧: ಆಟೋದಲ್ಲಿಟ್ಟು ಮೋಟಾರ್ ಆನ್ ಮಾಡಿ.
ಹಂತ ೨: ಕರೆಂಟ್ ತೆಗೆಯಿರಿ.
ಹಂತ ೩: ಹತ್ತು ನಿಮಿಷದೊಳಗೆ ಫೋನಿನಲ್ಲಿ ಆಫ್ ಒತ್ತಿ. ಪರದೆಯ ಮೇಲೆ "ಆಫ್" ಎಂದು ಬರುವುದನ್ನು ನೋಡಿಕೊಳ್ಳಿ.
ಹಂತ ೪: ಡಬ್ಬಿಯ ಬ್ಯಾಟರಿ ಪೂರ್ತಿ ಮುಗಿಯುವವರೆಗೆ ಕಾಯಿರಿ.
ಹಂತ ೫: ಕರೆಂಟ್ ಕೊಡಿ. ಎರಡು ನಿಮಿಷ ಕಾಯಿರಿ.
ಆಗಬೇಕಾದದ್ದು: ಮೋಟಾರ್ ಆಫ್ ಆಗಿಯೇ ಇರಬೇಕು.
ಆದದ್ದು: ಮೋಟಾರ್ ಆನ್ ಆಗುತ್ತದೆ. ಐದಕ್ಕೆ ಐದು ಸಲ.

ಐದಕ್ಕೆ ಐದು ಎಂದು ಬರೆದ ಮೇಲೆ, ಮೂರೇ ಸಲ ಮಾಡಿದ್ದು ನೆನಪಾಯಿತು. ಇನ್ನೆರಡು ಸಲ ಮಾಡಿ ನೋಡಿದೆ. ಹತ್ತಿತು.

ಕಾರಣದ ಜಾಗದಲ್ಲಿ ಬರೆದೆ: ಆಫ್ ಎಂಬುದು ಬ್ಯಾಟರಿ ಇರುವ ತನಕ ಮಾತ್ರ ನೆನಪಿರುತ್ತದೆ, ಉಳಿಯುವ ಮೆಮೊರಿಯಲ್ಲಿ ಹಳೆಯ ಆನ್ ಹಾಗೇ ಇರುತ್ತದೆ. ಪರಿಶೀಲನೆಯಲ್ಲಿ ಕಂಡಿತ್ತು, ಬಿಡಿಸಿ ಬರೆಯಲಿಲ್ಲ. ಒಪ್ಪಿಗೆ ಕೊಟ್ಟವರು: ಗಾನವಿ.

ಶಂಭುಲಿಂಗಯ್ಯನವರು ನಿಂತುಕೊಂಡೇ ಓದಿದರು. ಓದಿ ಕನ್ನಡಕ ತೆಗೆದರು. "ಗಾನವಿ, ನಿನ್ ಹೆಸ್ರು ಯಾಕಮ್ಮ ಇದ್ರಲ್ಲಿ? 'ಆದದ್ದು' ಅನ್ನೋ ಕಡೆ ಫ್ಯೂಸ್ ಕಿತ್ತಿರ್ಲಿಲ್ಲ ಅಂತ ಒಂದ್ ಮಾತು ಸೇರಿಸು. ಅದೂ ನಿಜ ತಾನೇ? ನಿಂಗೂ ತೊಂದ್ರೆ ಇಲ್ಲ, ನಮ್ಗೂ ಇಲ್ಲ."

"ಅದು ನಿಜ ಸರ್. ಆದ್ರೆ ಆ ಸಾಲು ಡಬ್ಬಿ ಏನ್ ಮಾಡ್ತು ಅಂತ ಹೇಳೋಕಿರೋದು, ಮನುಷ್ಯ ಏನ್ ಮಾಡ್ಲಿಲ್ಲ ಅನ್ನೋಕಲ್ಲ. ಮೇಜಿನ ಮೇಲೆ ಫ್ಯೂಸೂ ಇಲ್ಲ, ನಮ್ಮಪ್ಪನೂ ಇಲ್ಲ. ಆದ್ರೂ ಹತ್ತುತ್ತೆ."

ಅವರು ಕನ್ನಡಕ ಮತ್ತೆ ಹಾಕಿಕೊಂಡರು. ನಾನು ಕೆಳಗೆ ಟಿಪ್ಪಣಿ ಎಂದು ಸೇರಿಸಿದೆ: ಫ್ಯೂಸ್ ಕಿತ್ತಿರಲಿಲ್ಲ. ಕೀಳುವುದು ಬೇಡ ಎಂದು ಹೇಳಿದವಳು ಈ ವರದಿ ಬರೆದವಳೇ. ಇನ್ನೂ ನಾನೂರ ಹನ್ನೆರಡು ತೋಟಗಳಲ್ಲಿ ಇದೇ ಪ್ರೋಗ್ರಾಂ ಇದೆ.

ವರದಿ ಸರಿಯಾಗಿದೆಯೇ ಎಂದು ನೋಡಲು ಒಂದೇ ದಾರಿ, ಬರೆದವರನ್ನು ಏನೂ ಕೇಳದೆ ಇನ್ನೊಬ್ಬರು ಅದನ್ನು ಮಾಡಿ ನೋಡಬೇಕು. ಮಹಾಂತೇಶ್ ಓದುತ್ತಾ ಒಂದೊಂದೇ ಹಂತ ಮಾಡಿದ. ನಾಲ್ಕನೆಯ ಹಂತದಲ್ಲಿ ಡಬ್ಬಿಯ ದೀಪ ಆರುವವರೆಗೆ ನಾವು ಮೂವರೂ ಕಾದೆವು. ಕೆಳಗೆ ಗೋದಾಮಿನಲ್ಲಿ ಮೂಟೆ ಬೀಳುವ ಸದ್ದು. ಐದನೆಯದು ಮಾಡಿ ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಎರಡು ನಿಮಿಷಕ್ಕೆ ಬಲ್ಬು ಹತ್ತಿತು. ಅವನ ಫೋನಿನಲ್ಲಿ ಇನ್ನೂ "ಆಫ್" ಎಂದೇ ಇತ್ತು. ಅವನು ಅದನ್ನೂ ಬಲ್ಬನ್ನೂ ನೋಡಿ, ಕುರ್ಚಿಯ ಮೇಲೆ ಕೂತು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಅವನು ಅಳುತ್ತಿರುವುದನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು.

ಶಂಭುಲಿಂಗಯ್ಯನವರು ಅಲ್ಲೇ ನಿಂತು, "ಎಲ್ಲಾ ತೋಟದೋರ್ಗೂ ಮೆಸೇಜ್ ಹಾಕು ಮಾಂತೇಶ. ಫ್ಯೂಸ್ ಕಿತ್ತು ಜೇಬಲ್ಲಿಟ್ಕೊಳ್ದೆ ಯಾರೂ ಮೋಟಾರ್ ಮುಟ್ಬೇಡಿ ಅನ್ನು. ಆಟೋನ ಇಲ್ಲಿಂದ್ಲೇ ನಿಲ್ಸು" ಎಂದರು. ನನ್ನ ಹೆಸರನ್ನು ತೆಗೆಯಲು ಮತ್ತೆ ಹೇಳಲಿಲ್ಲ. ಸಂಜೆಯೊಳಗೆ ಮಹಾಂತೇಶ್ ತಿದ್ದಿದ. ಆಫ್ ಎಂದರೆ ಕರೆಂಟ್ ಇರಲಿ ಬಿಡಲಿ ಮೆಮೊರಿಗೆ ಬರೆಯುತ್ತದೆ, ಎರಡು ಪ್ರತಿ. ಎರಡೂ ಹೊಂದದಿದ್ದರೆ ಮೋಟಾರ್ ಏಳುವುದಿಲ್ಲ. ಈ ಸಲ ಪ್ರತಿ ಸಾಲನ್ನೂ ಬಲ್ಬಿನ ಮುಂದೆ ಕೂತು ಓದಿದೆ.

ವರದಿಯನ್ನು ಒಂದು ಹಾಳೆಯಲ್ಲಿ ತೆಗೆಸಿಕೊಂಡು ಶೆಟ್ಟಿಕೆರೆ ಬಸ್ಸು ಹತ್ತಿದೆ.

ಅಮ್ಮ ಜಗಲಿಯಲ್ಲಿ ಅಪ್ಪನ ಅಂಗಿಗಳನ್ನು ಗುಡ್ಡೆ ಹಾಕಿಕೊಂಡು ಜೇಬಿನ ಹೊಲಿಗೆ ಬಿಚ್ಚುತ್ತಿದ್ದಳು. ಯಾರಿಗಾದರೂ ಕೊಡಬೇಕು, ಎರಡು ಪದರ ಯಾರಿಗೆ ಬೇಕು ಎಂದಳು. ನಾನು ಎದುರಿಗೆ ಕೂತೆ.

"ಅಪ್ಪನ ಕೈತಪ್ಪಲ್ಲಮ್ಮ."

"ಮತ್ತೆ ಯಾರ್ದೇ?"

ಹಾಳೆ ಬಿಚ್ಚಿ ಓದಿದೆ. ಹಂತಗಳನ್ನು ಓದಿದೆ, ಆಗಬೇಕಾದದ್ದು, ಆದದ್ದು, ಒಪ್ಪಿಗೆ ಕೊಟ್ಟವಳ ಹೆಸರು, ಟಿಪ್ಪಣಿ, ಎಲ್ಲವನ್ನೂ ಬಿಡದೆ ಓದಿದೆ. ಅಮ್ಮನ ಕೈಯ ಬ್ಲೇಡು ನಿಂತಿತು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ನನ್ನನ್ನು ನೋಡಲೇ ಇಲ್ಲ, ಹಾಳೆಯನ್ನೇ ನೋಡುತ್ತಿದ್ದಳು.

"ಇನ್ನೊಂದ್ ಸಲ ಓದು" ಎಂದಳು.

ಮೊದಲಿಂದ ಶುರುಮಾಡಿದೆ. ಮೋಟಾರ್ ಆನ್ ಮಾಡಿ. ಕರೆಂಟ್ ತೆಗೆಯಿರಿ. ಫೋನಿನಲ್ಲಿ ಆಫ್ ಒತ್ತಿ, ಪರದೆಯ ಮೇಲೆ ಆಫ್ ಎಂದು ಬರುವುದನ್ನು ನೋಡಿಕೊಳ್ಳಿ.

ಅಮ್ಮ ಹಾಳೆಯ ಮೇಲೆ ಕೈ ಇಟ್ಟಳು.

"ನಿಮ್ಮಪ್ಪ ನೋಡ್ಕಂಡವ್ರೆ ಅಲ್ವೇನೆ?"

"ನೋಡ್ಕೊಂಡಿದ್ದಾರಮ್ಮ."

"ಅಲ್ಲಿಗೇ ನಿಲ್ಸು ಕಣೇ" ಎಂದಳು.

ನಾಲ್ಕನೆಯ ಹಂತ ಅವಳ ಅಂಗೈಯ ಕೆಳಗಿತ್ತು. ನಾನು ನಿಲ್ಲಿಸಿದೆ.